ಸಮವಸ್ತ್ರ ಎಷ್ಟು ಸಮ?

ಜೂನ್ ತಿಂಗಳು ಹತ್ತಿರ ಬಂತೆಂದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಬಟ್ಟೆ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಂದು ಕೈಯಲ್ಲಿ ಮಗುವಿನ ರಟ್ಟೆ, ಇನ್ನೊಂದು ಕೈಯಲ್ಲಿ ಶಾಲೆಯವರು ಕೊಟ್ಟ ಚೀಟಿ ಹಿಡಿದು ತಾಯಂದಿರು ನಿಂತಿರುತ್ತಾರೆ. ಇಂಥ ಬಣ್ಣದ ಅಂಗಿ, ಇಂಥ ಚೌಕುಳಿಯ ಲಂಗ, ಟೈ, ಬೆಲ್ಟು, ಎರಡು ಜೊತೆ ಕಾಲುಚೀಲ. ಬಿಲ್ಲು ನೋಡಿ ಅಪ್ಪ ಗೊಣಗಿದರೆ ಅವ್ವನ ಹತ್ತಿರ ಸಿದ್ಧ ಉತ್ತರವಿದೆ: "ಇದೊಂದು ಇದ್ರ ದಿನಾ ಏನ್ ಹಾಕ್ಕೋಬೇಕು ಅನ್ನೋ ಚಿಂತಿ ಇಲ್ಲ. ಯಾರ ಅರಬಿ ಚೊಲೋ, ಯಾರ್ದು ಹರದದ ಅನ್ನೋ ಮಾತೂ ಬರಂಗಿಲ್ಲ."

ಶಾಲೆಯವರೂ ಹೇಳುವುದು ಇದನ್ನೇ. ಸಾಹುಕಾರನ ಮಗ, ಹಮಾಲನ ಮಗ ಇಬ್ಬರೂ ಒಂದೇ ಬಣ್ಣದಲ್ಲಿ ಒಂದೇ ಸಾಲಿನಲ್ಲಿ ನಿಂತರೆ ಮೇಲುಕೀಳು ಕಾಣುವುದಿಲ್ಲ, ಅಂದಚೆಂದದ ಪೈಪೋಟಿ ನಿಲ್ಲುತ್ತದೆ, ಚುಡಾಯಿಸುವುದು ತಪ್ಪುತ್ತದೆ. ಕೇಳಲು ಇದು ಸರಿಯೇ. ಆದರೆ ಪೈಪೋಟಿ ಬೇರೆ, ಚುಡಾಯಿಸುವುದು ಬೇರೆ. ಮೊದಲನೆಯದರ ಮೇಲೆ ಸಮವಸ್ತ್ರಕ್ಕೆ ಒಂದಿಷ್ಟು ಹಿಡಿತವಿದೆ, ಎರಡನೆಯದರ ಮೇಲೆ ಬಹಳ ಕಡಿಮೆ. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿರುವುದರಿಂದಲೇ ಅನೇಕ ಪಾಲಕರಿಗೆ ತಮ್ಮ ಮಗು ಶಾಲೆಯಿಂದ ಮುಖ ಸಣ್ಣದು ಮಾಡಿಕೊಂಡು ಬಂದಾಗ ಕಾರಣ ಹೊಳೆಯುವುದಿಲ್ಲ. 2022ರಲ್ಲಿ ರಾಜ್ಯದಲ್ಲಿ ಎದ್ದ ಹಿಜಾಬ್ ವಿವಾದದ ಹೊತ್ತಿನಲ್ಲಿ ಸಮವಸ್ತ್ರದ ಬಗ್ಗೆ ಬೇಕಾದಷ್ಟು ಮಾತಾಯಿತು. ಅದು ಧರ್ಮ ಮತ್ತು ಕಾನೂನಿನ ಪ್ರಶ್ನೆ. ಇಲ್ಲಿ ನೋಡಬೇಕಾದದ್ದು ಅದಕ್ಕಿಂತ ಸಣ್ಣದು, ಆದರೆ ಪ್ರತಿ ಮನೆಯಲ್ಲೂ ಇರುವಂಥದು.

ಮೊದಲು ಸಮವಸ್ತ್ರದ ಪುಣ್ಯವನ್ನು ಹೇಳಬೇಕು. ಅದು ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ತಿಳಿಯಲು ಹೆಚ್ಚು ಕಲ್ಪನೆ ಬೇಡ. ಶಾಲೆಯ ಗ್ಯಾದರಿಂಗ್ ದಿನ ಅಥವಾ ಯಾರದಾದರೂ ಹುಟ್ಟುಹಬ್ಬದ ದಿನ ತರಗತಿಯೊಳಗೆ ಒಂದು ಸುತ್ತು ಹೋಗಿ ಬಂದರೆ ಸಾಕು. 'ಬಣ್ಣದ ಬಟ್ಟೆ'ಗೆ ಅನುಮತಿ ಇರುವ ಆ ಒಂದು ದಿನ ಮಕ್ಕಳ ಕಣ್ಣುಗಳು ಹೇಗೆ ಓಡಾಡುತ್ತವೆ! ಮುಟ್ಟಿ ನೋಡುವುದು, ಎಷ್ಟು ಕೊಟ್ಟಿರಿ ಎಂದು ಕೇಳುವುದು, ಹೋದ ವರ್ಷವೂ ಇದೇ ಹಾಕಿದ್ದೆಯಲ್ಲ ಎಂದು ನೆನಪಿಸುವುದು. ಈ ಮೂರನೆಯ ಮಾತು ಬಹಳ ಆಳಕ್ಕೆ ಇಳಿಯುತ್ತದೆ. ಕೆಲವು ಮಕ್ಕಳು ಹುಟ್ಟುಹಬ್ಬದ ದಿನವೂ ಸಮವಸ್ತ್ರದಲ್ಲೇ ಬಂದು "ಮರತೇಬಿಟ್ಟಿದ್ದೆ" ಎನ್ನುತ್ತಾರೆ. ಹನ್ನೊಂದು ವರ್ಷದ ಮಗು ತನ್ನ ಹುಟ್ಟುಹಬ್ಬ ಮರೆಯುವುದುಂಟೆ? ಇಂಥ ದಿನ ವರ್ಷದಲ್ಲಿ ಒಂದೆರಡರ ಬದಲು ಇನ್ನೂರಿಪ್ಪತ್ತು ಬಂದರೆ ಹೇಗೆ ಎಂಬುದಕ್ಕೆ ಸಮವಸ್ತ್ರವೇ ಉತ್ತರ. ಅಷ್ಟರ ಮಟ್ಟಿಗೆ ಅದು ಮಕ್ಕಳನ್ನು ಕಾಯುತ್ತದೆ.

ಆದರೆ ಬಣ್ಣ ಒಂದೇ ಆದ ಮಾತ್ರಕ್ಕೆ ಬಟ್ಟೆ ಒಂದೇ ಆಗುವುದಿಲ್ಲ. ಇದನ್ನು ಕಾಣಲು ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋಗಬೇಕು. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು, ಈಗ ತಾಲ್ಲೂಕು ಕೇಂದ್ರ. ಅಲ್ಲಿನ ಸರಕಾರಿ ಶಾಲೆಯ ಏಳನೆಯ ತರಗತಿಯಲ್ಲಿ ಓದುವ ಒಬ್ಬ ಹುಡುಗಿ ಇದ್ದಾಳೆ ಎಂದುಕೊಳ್ಳೋಣ. ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗುವವರು. ಅವಳ ಒಂದು ವರ್ಷದ ಬಟ್ಟೆಯ ಲೆಕ್ಕ ಹಾಕಿ ನೋಡಿದರೆ ಸಮವಸ್ತ್ರದ ಒಳಗುಟ್ಟು ಬಿಚ್ಚಿಕೊಳ್ಳುತ್ತದೆ.

ಸರಕಾರದ ವಿದ್ಯಾವಿಕಾಸ ಯೋಜನೆಯಲ್ಲಿ ಅವಳಿಗೆ ಸಮವಸ್ತ್ರ ಉಚಿತ. ಉಚಿತವೆಂದರೆ ಸಿಗುವುದು ಬಟ್ಟೆ. ಅದನ್ನು ಅಂಗಿ ಲಂಗ ಮಾಡಿಸುವ ಕೆಲಸ ಮನೆಯವರದು. ಹೊಲಿಗೆಯ ಕೂಲಿ, ಗುಂಡಿ, ದಾರ, ಒಳಪಟ್ಟಿ ಎಲ್ಲ ಅವ್ವನ ಸೆರಗಿನ ಗಂಟಿನಿಂದಲೇ ಹೋಗಬೇಕು. ಜೂನ್‌ನಲ್ಲಿ ಊರಿನ ಸಿಂಪಿಗನ ಅಂಗಡಿ ಮುಂದೆ ಇಡೀ ಶಾಲೆಯೇ ಸಾಲು ನಿಂತಿರುತ್ತದೆ. ದುಡ್ಡು ಮೊದಲೇ ಕೊಟ್ಟವರ ಬಟ್ಟೆ ಮೊದಲು ಬರುತ್ತದೆ. ಉಳಿದವರದು ಜುಲೈಗೆ, ಆಗಸ್ಟ್ ಹದಿನೈದರ ಧ್ವಜಾರೋಹಣದ ಹಿಂದಿನ ರಾತ್ರಿಗೆ. ಬಟ್ಟೆಯೇ ಶಾಲೆಗೆ ತಡವಾಗಿ ಬಂದ ವರ್ಷಗಳೂ ಇವೆ. ಅಂದರೆ ಹೊಸ ತರಗತಿಯ ಮೊದಲ ಆರು ವಾರ ಅರ್ಧ ಮಕ್ಕಳು ಹೊಸದರಲ್ಲಿ, ಅರ್ಧ ಮಕ್ಕಳು ಹಳೆಯದರಲ್ಲಿ ಇರುತ್ತಾರೆ. ಯಾರು ಯಾವ ಅರ್ಧಕ್ಕೆ ಸೇರಿದವರು ಎಂಬುದು ತರಗತಿಗೆಲ್ಲ ಗೊತ್ತಾಗುವುದು ಆಗಲೇ.

ಇನ್ನು ಬೆಳವಣಿಗೆ. ಹನ್ನೊಂದು ಹನ್ನೆರಡನೆಯ ವಯಸ್ಸಿನಲ್ಲಿ ಹುಡುಗಿಯರು ಒಂದೇ ವರ್ಷದಲ್ಲಿ 7ರಿಂದ 8 ಸೆಂಟಿಮೀಟರ್ ಎತ್ತರ ಬೆಳೆಯುವುದು ಸಾಮಾನ್ಯ. ಹುಡುಗರಿಗೆ ಇದೇ ಜಿಗಿತ ಒಂದೆರಡು ವರ್ಷ ತಡವಾಗಿ ಬರುತ್ತದೆ. ಎಂಟು ಸೆಂಟಿಮೀಟರ್ ಎಂದರೆ ಮೂರು ಇಂಚಿಗಿಂತ ಹೆಚ್ಚು. ಜೂನ್‌ನಲ್ಲಿ ಮೊಣಕಾಲು ಮುಚ್ಚುತ್ತಿದ್ದ ಲಂಗ ಜನವರಿಗೆ ಮೊಣಕಾಲ ಮೇಲೆ ಬಂದಿರುತ್ತದೆ. ತಿಳಿವಳಿಕೆಯುಳ್ಳ ಸಿಂಪಿಗ ಅಂಚಿನಲ್ಲಿ ಎರಡು ಮೂರು ಇಂಚು ಮಡಿಕೆ ಬಿಟ್ಟೇ ಹೊಲಿದಿರುತ್ತಾನೆ, ಅವ್ವ ಅದನ್ನು ಬಿಚ್ಚಿ ಇಳಿಸುತ್ತಾಳೆ. ಆಗ ಹಳೆಯ ಮಡಿಕೆ ಇದ್ದ ಜಾಗದಲ್ಲಿ ಒಂದು ಗೆರೆ ಉಳಿಯುತ್ತದೆ. ಮೇಲಿನ ಬಟ್ಟೆ ಬಿಸಿಲಿಗೆ, ಒಗೆತಕ್ಕೆ ಮಾಸಿರುತ್ತದೆ. ಮಡಿಕೆಯೊಳಗೆ ಅಡಗಿದ್ದ ಬಟ್ಟೆ ಹೊಸದರಂತೆಯೇ ಗಾಢವಾಗಿರುತ್ತದೆ. ಲಂಗದ ಸುತ್ತ ಎರಡು ಬಣ್ಣದ ಪಟ್ಟಿ ಹಾಕಿದಂತೆ ಕಾಣುವ ಆ ಗೆರೆ ಇಸ್ತ್ರಿಗೂ ಹೋಗದು. ದೊಡ್ಡವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ತರಗತಿಯ ಮಕ್ಕಳು ಮಾತ್ರ ಅದನ್ನು ಓದುಬರಹದಷ್ಟೇ ಸಲೀಸಾಗಿ ಓದುತ್ತಾರೆ: ಇದು ಹೋದ ವರ್ಷದ್ದು, ಇದು ಅಕ್ಕನದು.

ಮೂರನೆಯದು, ಎಷ್ಟು ಜೊತೆ ಎಂಬ ಪ್ರಶ್ನೆ. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಆರರಿಂದ ಎಂಟನೆಯ ತರಗತಿಗೆ ವರ್ಷದಲ್ಲಿ 220 ದಿನ ಶಾಲೆ ನಡೆಯಬೇಕು. ಎರಡು ಜೊತೆ ಇದ್ದರೆ ಒಂದೊಂದರ ಪಾಲಿಗೆ 110 ದಿನ. ಒಂದೇ ಇದ್ದರೆ ಇನ್ನೂರಿಪ್ಪತ್ತೂ ಅದರ ಮೇಲೆಯೇ. ಸಂಜೆ ಬಂದು ಬಿಚ್ಚಿ ಒಗೆದು ಹಾಕಿದರೆ ಬೆಳಿಗ್ಗೆ ಎಂಟರೊಳಗೆ ಒಣಗಬೇಕು. ಬೇಸಿಗೆಯಲ್ಲಿ ನಮ್ಮ ಸೀಮೆಯ ಬಿಸಿಲಿಗೆ ಅದು ಗಂಟೆಯ ಕೆಲಸ, ಮಳೆಗಾಲದಲ್ಲಿ ಅಲ್ಲ. ಹಸಿ ಅಂಗಿಯನ್ನೇ ತೊಟ್ಟು ಹೋದರೆ ಮುಗ್ಗಲು ವಾಸನೆ. "ವಾಸನಿ ಬರ್ತದ, ಸರದು ಕೂಡು" ಎನ್ನುವ ಮಾತು ಹುಟ್ಟುವುದು ಅಲ್ಲಿ. ಮಗು ಸ್ನಾನ ಮಾಡಿಯೇ ಬಂದಿರುತ್ತದೆ, ಅವ್ವ ರಾತ್ರಿ ಹತ್ತಕ್ಕೆ ಒಗೆದೇ ಹಾಕಿರುತ್ತಾಳೆ. ತಪ್ಪು ಯಾರದೂ ಅಲ್ಲ, ಇನ್ನೊಂದು ಜೊತೆ ಇಲ್ಲದ್ದು ಮಾತ್ರ.

ಆ ಇನ್ನೊಂದು ಜೊತೆಗಾಗಿ ರಾಜ್ಯದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಬೇಕಾಯಿತು ಎಂಬುದು ಅನೇಕರಿಗೆ ತಿಳಿದಿಲ್ಲ. ಉತ್ತರ ಕರ್ನಾಟಕದ ಒಬ್ಬ ಸರಕಾರಿ ಶಾಲೆಯ ವಿದ್ಯಾರ್ಥಿಯ ಹೆಸರಿನಲ್ಲಿ ಹೋದ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟು 2019ರ ಆಗಸ್ಟ್‌ನಲ್ಲಿ, ಮಕ್ಕಳಿಗೆ ಎರಡನೆಯ ಜೊತೆ ಸಮವಸ್ತ್ರ, ಒಂದು ಜೊತೆ ಬೂಟು, ಎರಡು ಜೊತೆ ಕಾಲುಚೀಲ ಕೊಡಬೇಕೆಂದು ಹೇಳಿತು. ಅದು ಸರಿಯಾಗಿ ಜಾರಿಯಾಗಲಿಲ್ಲವೆಂದು 2023ರಲ್ಲಿ ನ್ಯಾಯಾಂಗ ನಿಂದನೆಯ ವಿಚಾರಣೆಯೂ ನಡೆಯಿತು. ಒಂದು ಅಂಗಿಗಾಗಿ ಇಷ್ಟು ದೊಡ್ಡ ಗಲಾಟೆಯೇ ಎಂದು ಕೇಳುವವರು ಒಂದೇ ಅಂಗಿಯಲ್ಲಿ ಮಳೆಗಾಲ ಕಳೆದವರಲ್ಲ.

ಬೂಟಿನ ವಿಷಯವೂ ಹೀಗೆಯೇ. ಸರಕಾರದ ಯೋಜನೆಯಲ್ಲಿ ಆರರಿಂದ ಎಂಟನೆಯ ತರಗತಿಯ ಮಗುವಿಗೆ ಒಂದು ಜೊತೆ ಬೂಟು ಮತ್ತು ಎರಡು ಜೊತೆ ಕಾಲುಚೀಲಕ್ಕೆಂದು ಕೆಲವು ವರ್ಷ 295 ರೂಪಾಯಿ ಗೊತ್ತುಪಡಿಸಲಾಗಿತ್ತು. ಆ ಬೆಲೆಗೆ ಸಿಗುವ ಬೂಟಿನ ಅಟ್ಟೆ ಎಷ್ಟು ದಿನ ಬಾಳುತ್ತದೆ ಎಂಬುದನ್ನು ಕಮಲಾಪುರದ ದಾರಿಯ ಕಲ್ಲುಗಳೇ ಹೇಳಬೇಕು. ದೀಪಾವಳಿಯ ರಜೆ ಮುಗಿಯುವ ಹೊತ್ತಿಗೆ ಅರ್ಧ ತರಗತಿ ಚಪ್ಪಲಿಗೆ ಬಂದಿರುತ್ತದೆ. ಸರಕಾರಿ ಶಾಲೆಯಲ್ಲಿ ಇದರಿಂದ ದೊಡ್ಡ ತೊಂದರೆಯಿಲ್ಲ, ಏಕೆಂದರೆ ಎಲ್ಲರ ಕಾಲಲ್ಲೂ ಚಪ್ಪಲಿಯೇ. ಹೆಚ್ಚು ಕಡಿಮೆ ಒಂದೇ ಸ್ಥಿತಿಯ ಮನೆಗಳಿಂದ ಬಂದ ಮಕ್ಕಳ ನಡುವೆ ಸಮವಸ್ತ್ರ ಹೊಸದಾಗಿ ಮುಚ್ಚಬೇಕಾದದ್ದೂ ಕಡಿಮೆ.

ನಿಜವಾದ ಪರೀಕ್ಷೆ ಮುಂದಿನ ವರ್ಷದ್ದು. ಇದೇ ಹುಡುಗಿ ಎಂಟನೆಯ ತರಗತಿಗೆ ಕಲಬುರಗಿಯ ಒಂದು ಖಾಸಗಿ ಹೈಸ್ಕೂಲಿಗೆ ಸೇರಿದಳೆಂದು ಇಟ್ಟುಕೊಳ್ಳಿ. ಸೋದರಮಾವ ಫೀಸು ಕಟ್ಟುತ್ತಾನೆ, ದಿನವೂ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಾಳೆ. ಮೊದಲ ಪಾಠ ಅವಳಿಗೆ ಬಸ್ಸಿನಲ್ಲೇ ಆಗುತ್ತದೆ. ಹೋದ ವರ್ಷದ ಗೆಳತಿಯರು ಸರಕಾರಿ ಶಾಲೆಯ ಬಣ್ಣದಲ್ಲಿ ಅದೇ ನಿಲ್ದಾಣದಲ್ಲಿ ನಿಂತಿದ್ದಾರೆ; ಇವಳ ಕೊರಳಲ್ಲಿ ಟೈ, ಸೊಂಟದಲ್ಲಿ ಶಾಲೆಯ ಹೆಸರು ಬರೆದ ಬೆಲ್ಟು. ಶಾಲೆಯ ಗೇಟಿನೊಳಗೆ ಎಲ್ಲರನ್ನೂ ಒಂದು ಮಾಡುವ ಬಟ್ಟೆ ಗೇಟಿನ ಹೊರಗೆ ಫೀಸಿನ ಬೋರ್ಡಿನಂತೆ ಕೆಲಸ ಮಾಡುತ್ತದೆ. ಯಾರ ಮನೆಯವರು ಎಷ್ಟು ಕಟ್ಟಿದ್ದಾರೆ ಎಂಬುದು ಟೈ ನೋಡಿದರೆ ತಿಳಿಯುತ್ತದೆ. "ಏನವ್ವ ದೊಡ್ಡಸಾಲಿ ಮೇಡಂ, ಮಾತಾಡ್ತಿಯೋ ಇಲ್ಲೋ?" ಎಂದು ಹಳೆಯ ಗೆಳತಿಯರು ನಗುತ್ತಾರೆ. ಪ್ರೀತಿಯ ನಗೆಯೇ ಇರಬಹುದು. ಆದರೂ ಎರಡನೆಯ ವಾರದಿಂದ ಹುಡುಗಿ ಬಸ್ಸು ಹತ್ತಿದ ಮೇಲೆ ಟೈ ಬಿಚ್ಚಿ ಚೀಲದಲ್ಲಿಟ್ಟು, ಇಳಿಯುವ ಮುಂಚೆ ಮತ್ತೆ ಹಾಕಿಕೊಳ್ಳಲು ಕಲಿಯುತ್ತಾಳೆ.

ನಗರದ ಶಾಲೆಯೊಳಗೆ ಬಟ್ಟೆಯ ವಿಷಯದಲ್ಲಿ ಅವಳಿಗೆ ಅಷ್ಟು ಕಷ್ಟವಾಗುವುದಿಲ್ಲ. ಮಾವ ಹೊಸದನ್ನೇ ಕೊಡಿಸಿದ್ದಾನೆ. ಆದರೆ ಬಟ್ಟೆ ಒಂದೇ ಆದ ಕೂಡಲೇ ಮಕ್ಕಳ ಕಣ್ಣು ಬಟ್ಟೆಯಲ್ಲದ್ದರ ಮೇಲೆ ಹೋಗುತ್ತದೆ. ಬೂಟು ಕಪ್ಪೇ ಇರಬೇಕೆಂದು ನಿಯಮ. ಕಪ್ಪು ಬೂಟಿನಲ್ಲಿ ಕಂಪನಿಯ ಗುರುತು ಇದೆಯೋ ಇಲ್ಲವೋ ಎಂಬುದು ನಿಯಮದಲ್ಲಿಲ್ಲ. ಅಲ್ಲಿಂದ ಮುಂದೆ ದಪ್ತರ, ನೀರಿನ ಬಾಟಲಿ, ಕಂಪಾಸು, ಕೈಗಡಿಯಾರ, ಜಡೆಯ ಕ್ಲಿಪ್ಪು, ಊಟದ ಡಬ್ಬಿ. ಡಬ್ಬಿಯಲ್ಲಿ ರೊಟ್ಟಿ ಪುಂಡಿಪಲ್ಯ ಇದೆಯೋ, ನೂಡಲ್ಸ್ ಇದೆಯೋ? ಕರೆದುಕೊಂಡು ಹೋಗಲು ಕಾರು ಬರುತ್ತದೋ, ಸ್ಕೂಟರೋ, ಬಸ್ಸೋ? 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆ ಮಾಡಿದವರು ಶಾಲೆಯ ಮಧ್ಯಾಹ್ನದ ಬಿಡುವನ್ನು ನೋಡಿರಲಿಕ್ಕಿಲ್ಲ. ಅಲ್ಲಿ ಊಟವೂ ಪರರಿಚ್ಛೆಯೇ.

ಹಾಗಾದರೆ ಸಮವಸ್ತ್ರದಿಂದ ಪೈಪೋಟಿ ನಿಲ್ಲಲಿಲ್ಲ, ಜಾಗ ಬದಲಾಯಿಸಿತು ಅಷ್ಟೇ ಅಲ್ಲವೆ ಎಂದು ಕೇಳಬಹುದು. ಪೂರ್ತಿ ಹಾಗಲ್ಲ. ಕಂಪಾಸು ಚೀಲದೊಳಗೆ ಇರುತ್ತದೆ, ಡಬ್ಬಿ ಅರ್ಧ ಗಂಟೆ ತೆರೆದಿರುತ್ತದೆ. ಬಟ್ಟೆಯಾದರೆ ಇಡೀ ದಿನ ಮೈಮೇಲೆ ಇರುತ್ತಿತ್ತು. ಪೈಪೋಟಿಯ ಮೈದಾನ ಚಿಕ್ಕದಾಯಿತು ಎನ್ನುವುದು ನ್ಯಾಯವಾದ ಮಾತು. ಆದರೆ ಆ ಮೈದಾನವನ್ನು ಮತ್ತೆ ದೊಡ್ಡದು ಮಾಡುವ ಶಾಲೆಗಳೂ ಇವೆ. ಸೋಮವಾರಕ್ಕೊಂದು, ಬುಧವಾರಕ್ಕೆ ತಂಡದ ಬಣ್ಣದ ಟೀ-ಶರ್ಟು, ಶನಿವಾರಕ್ಕೆ ಬಿಳಿ, ಆಟಕ್ಕೆ ಬೇರೆ ಬೂಟು, ಚಳಿಗಾಲಕ್ಕೆ ಶಾಲೆಯ ಗುರುತಿನದೇ ಸ್ವೆಟರು. ಜೊತೆಗಳ ಸಂಖ್ಯೆ ಹೆಚ್ಚಾದಂತೆ ಅವುಗಳಲ್ಲಿ ಒಂದು ಇಲ್ಲದ ಮಗು ಸಿಕ್ಕಿಬೀಳುವ ದಿನಗಳೂ ಹೆಚ್ಚುತ್ತವೆ.

ಇಲ್ಲಿ ಪಾಲಕರು ತಿಳಿದಿರಬೇಕಾದ ಒಂದು ನಿಯಮವಿದೆ. ಕರ್ನಾಟಕ ಶಿಕ್ಷಣ ಕಾಯಿದೆಯ ಕೆಳಗೆ 1995ರಲ್ಲಿ ಬಂದ ನಿಯಮಾವಳಿಯ 11ನೆಯ ನಿಯಮದ ಪ್ರಕಾರ, ಮಾನ್ಯತೆ ಪಡೆದ ಶಾಲೆ ತನ್ನ ಸಮವಸ್ತ್ರವನ್ನು ತಾನೇ ಗೊತ್ತುಮಾಡಬಹುದು. ಆದರೆ ಒಮ್ಮೆ ಗೊತ್ತುಮಾಡಿದ ಮೇಲೆ ಐದು ವರ್ಷ ಅದನ್ನು ಬದಲಿಸುವಂತಿಲ್ಲ. ಬದಲಿಸಬೇಕಾದರೆ ಕನಿಷ್ಠ ಒಂದು ವರ್ಷ ಮುಂಚೆ ಪಾಲಕರಿಗೆ ನೋಟೀಸು ಕೊಡಬೇಕು. ಅಣ್ಣನ ಅಂಗಿ ತಮ್ಮನಿಗೆ, ಅಕ್ಕನ ಲಂಗ ತಂಗಿಗೆ ಆಗಲಿ ಎಂಬ ಮನೆಯ ಲೆಕ್ಕಕ್ಕೆ ಈ ಐದು ವರ್ಷವೇ ಆಧಾರ. ಎರಡು ವರ್ಷಕ್ಕೊಮ್ಮೆ ಚೌಕುಳಿಯ ಬಣ್ಣ ಬದಲಿಸುವ ಶಾಲೆಯಲ್ಲಿ ಹಳೆಯ ಚೌಕುಳಿ ತೊಟ್ಟ ಮಗು ಮೈಮೇಲೆ ಚೀಟಿ ಅಂಟಿಸಿಕೊಂಡು ಬಂದಂತೆ. ಜೂನ್‌ನಲ್ಲಿ ಅಂಗಡಿ ಮುಂದೆ ನಿಂತು ಗೊಣಗುವುದಕ್ಕಿಂತ ಪಾಲಕರ ಸಭೆಯಲ್ಲಿ ಈ ನಿಯಮವನ್ನು ಹೆಸರಿಸಿ ಕೇಳುವುದು ಹೆಚ್ಚು ಫಲ ಕೊಡುತ್ತದೆ.

ಈಗ ಚುಡಾಯಿಸುವ ವಿಷಯ. ಕಮಲಾಪುರದ ಹುಡುಗಿಗೆ ನಗರದ ತರಗತಿಯಲ್ಲಿ ಮೂರನೆಯ ವಾರ ಒಂದು ಅಡ್ಡಹೆಸರು ಬಿತ್ತು ಎಂದುಕೊಳ್ಳಿ. ಬಟ್ಟೆಗೆ ಸಂಬಂಧಿಸಿದ್ದಲ್ಲ; 'ಬಾಳೆಹಣ್ಣು'. ಊರಿನ ಹೆಸರು ಕೇಳಿ ಯಾರೋ ಇಟ್ಟದ್ದು. ಮೊದಲು ಅವಳೂ ನಕ್ಕಳು. ಆಮೇಲೆ ಅವಳು ಪಾಠ ಓದಲು ಎದ್ದರೆ ಹಿಂದಿನ ಬೆಂಚಿನಿಂದ ಪಿಸುಮಾತು, ಅವಳ ಮಾತಿನ ಧಾಟಿಯ ಅನುಕರಣೆ, ನೋಟುಪುಸ್ತಕದ ಮೇಲೆ ಬಾಳೆಹಣ್ಣಿನ ಚಿತ್ರ. ಸಮವಸ್ತ್ರ ಇಲ್ಲಿ ಏನು ಮಾಡೀತು?

ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಹುಡುಕಿದವರು ನಾರ್ವೆ ದೇಶದಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್. ಶಾಲೆಯಲ್ಲಿ ಮಕ್ಕಳು ಮಕ್ಕಳನ್ನೇ ಪೀಡಿಸುವುದರ ಬಗ್ಗೆ 1970ರ ದಶಕದಿಂದ ಅಭ್ಯಾಸ ಮಾಡಿದವರು. ದಪ್ಪಗಿರುವ, ಕನ್ನಡಕ ಹಾಕುವ, ಬೇರೆ ಧಾಟಿಯಲ್ಲಿ ಮಾತಾಡುವ ಮಕ್ಕಳನ್ನೇ ಉಳಿದವರು ಕಾಡುತ್ತಾರೆ ಎಂದು ಆಗ ಎಲ್ಲರೂ ನಂಬಿದ್ದರು. ಓಲ್ವೇಯಸ್ ಎಣಿಸಿ ನೋಡಿದರೆ ಹಾಗಿರಲಿಲ್ಲ. ಹುಡುಕಿದರೆ ನಾಲ್ಕರಲ್ಲಿ ಮೂರು ಮಕ್ಕಳಲ್ಲಿ ಏನಾದರೊಂದು 'ಬೇರೆತನ' ಸಿಗುತ್ತಿತ್ತು, ಕಾಡಿಸಿಕೊಂಡವರಲ್ಲೂ, ಕಾಡಿಸಿಕೊಳ್ಳದವರಲ್ಲೂ. ಕನ್ನಡಕ ಇದ್ದರೂ ಯಾರ ತಂಟೆಯೂ ಇಲ್ಲದ ಮಕ್ಕಳು ಬೇಕಾದಷ್ಟಿದ್ದರು. ಕಾಡುವವರು ಮೊದಲು ಆರಿಸುವುದು ಎದುರಾಡದ, ಬೆಂಬಲಕ್ಕೆ ಗೆಳೆಯರಿಲ್ಲದ ಮಗುವನ್ನು. ಆಮೇಲೆ ಕೈಗೆ ಸಿಕ್ಕ ನೆಪ ಹಿಡಿಯುತ್ತಾರೆ. ಇಂದು ಬಾಳೆಹಣ್ಣು, ನಾಳೆ ಲಂಗದ ಗೆರೆ.

ಇದನ್ನು ಅರ್ಥ ಮಾಡಿಕೊಂಡರೆ ಸಮವಸ್ತ್ರದಿಂದ ಚುಡಾಯಿಸುವುದು ಏಕೆ ನಿಲ್ಲುವುದಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಬಟ್ಟೆ ನೆಪ ಮಾತ್ರ. ನೆಪ ತೆಗೆದರೆ ಇನ್ನೊಂದು ನೆಪ. ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2022ರಲ್ಲಿ ಅಚ್ಚಾದ ಒಂದು ಅಧ್ಯಯನದಲ್ಲಿ, ಸಮವಸ್ತ್ರವಿದ್ದ ಶಾಲೆಗಳ ಮತ್ತು ಇಲ್ಲದ ಶಾಲೆಗಳ ಚಿಕ್ಕ ಮಕ್ಕಳ ನಡವಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಡ ಮನೆಗಳ ಮಕ್ಕಳ ಹಾಜರಿ ಮಾತ್ರ ಸಮವಸ್ತ್ರದ ಶಾಲೆಗಳಲ್ಲಿ ತುಸು ಚೆನ್ನಾಗಿತ್ತು. ಅಲ್ಲಿನ ಶಾಲೆ ಬೇರೆ, ನಮ್ಮ ಶಾಲೆ ಬೇರೆ, ನಿಜ. ಆದರೂ ಬಟ್ಟೆಯಿಂದ ನಡವಳಿಕೆ ತಿದ್ದೀತೆಂಬ ನಂಬಿಕೆಗೆ ಅಲ್ಲಿ ಆಧಾರ ಸಿಗಲಿಲ್ಲ.

ನಮ್ಮಲ್ಲೇ ನಡೆದ ಒಂದು ಸಂಗತಿ ಇದಕ್ಕಿಂತ ಕಹಿಯಾದದ್ದು. 2012ರ ಜುಲೈನಲ್ಲಿ ಬೆಂಗಳೂರಿನ ನಂದಿನಿ ಬಡಾವಣೆಯ ಒಂದು ಖಾಸಗಿ ಶಾಲೆಯಲ್ಲಿ, ಶಿಕ್ಷಣ ಹಕ್ಕು ಕಾಯಿದೆಯ ಸೀಟಿನಲ್ಲಿ ಸೇರಿದ್ದ ಬಡ ಮಕ್ಕಳನ್ನು ಗುರುತಿಸಲೆಂದು ಅವರ ತಲೆಗೂದಲನ್ನು ಒಂದಿಷ್ಟು ಕತ್ತರಿಸಲಾಯಿತು ಎಂಬ ಆರೋಪ ಕೇಳಿಬಂದು ರಾಜ್ಯವೆಲ್ಲ ತಲೆ ತಗ್ಗಿಸುವಂತಾಯಿತು. ಶಾಲೆಯವರು ಅದನ್ನು ಒಪ್ಪಲಿಲ್ಲ. ಆದರೂ ಆ ಸುದ್ದಿಯನ್ನು ಜನ ನಂಬಿದ್ದು ಏಕೆ? ಒಂದೇ ಬಟ್ಟೆಯಲ್ಲಿ ನಿಂತವರನ್ನು ಬೇರೆ ಮಾಡಬೇಕೆಂದು ಮನಸ್ಸು ಮಾಡಿದವರಿಗೆ ದಾರಿ ಸಿಗುತ್ತದೆ ಎಂಬುದು ಎಲ್ಲರಿಗೂ ಒಳಗೊಳಗೇ ಗೊತ್ತಿದೆ.

ಓಲ್ವೇಯಸ್ ಅವರು ರೋಗವನ್ನು ಹೇಳಿ ಸುಮ್ಮನಾಗಲಿಲ್ಲ. 1983ರಿಂದ ಬೆರ್ಗೆನ್ ನಗರದ 42 ಶಾಲೆಗಳಲ್ಲಿ ಒಂದು ಕ್ರಮವನ್ನು ಜಾರಿಗೆ ತಂದರು. ಬಿಡುವಿನ ವೇಳೆಯಲ್ಲಿ ಅಂಗಳದಲ್ಲಿ ದೊಡ್ಡವರು ಇರಬೇಕು, ತರಗತಿಯಲ್ಲಿ ಕಾಡುವುದರ ವಿರುದ್ಧ ಮಕ್ಕಳೇ ಸೇರಿ ಮಾಡಿದ ನಿಯಮ ಇರಬೇಕು, ಘಟನೆ ಕಂಡ ಕೂಡಲೇ ಕಾಡಿದವನ ಜೊತೆ, ಅವನ ಮನೆಯವರ ಜೊತೆ ಮಾತಾಡಬೇಕು. ಎರಡು ವರ್ಷದಲ್ಲಿ ದೂರುಗಳು ಸುಮಾರು ಅರ್ಧಕ್ಕೆ ಇಳಿದವು. ಇದರಲ್ಲಿ ಬಟ್ಟೆಯ ಮಾತೇ ಇಲ್ಲ ಎಂಬುದನ್ನು ಗಮನಿಸಬೇಕು. 'ಬಾಳೆಹಣ್ಣು' ಎಂದು ಕೂಗುವವರು ಇಬ್ಬರು, ನಕ್ಕು ಸುಮ್ಮನಿರುವವರು ನಲವತ್ತು. ಆ ನಲವತ್ತರಲ್ಲಿ ನಾಲ್ವರು ನಗುವುದನ್ನು ಬಿಟ್ಟರೆ ಆಟದ ಅರ್ಧ ಸೊಗಸು ಹೋಗುತ್ತದೆ.

ಕೊನೆಯದಾಗಿ ಶಾಲೆಗಳೇ ತಿಳಿಯದೆ ಮಾಡುವ ಒಂದು ಕೆಲಸವಿದೆ. ಪ್ರಾರ್ಥನೆಯ ಸಾಲಿನಲ್ಲಿ ಬೂಟು, ಬೆಲ್ಟು, ಟೈ ತಪಾಸಣೆ ಮಾಡಿ, ಇಲ್ಲದವರನ್ನು ಮುಂದೆ ಕರೆದು ಎಲ್ಲರಿಗೂ ಕಾಣುವಂತೆ ನಿಲ್ಲಿಸುವುದು. ಶಿಸ್ತಿಗಾಗಿ ಎನ್ನುತ್ತಾರೆ. ಅವಮಾನ ತಪ್ಪಲೆಂದು ತಂದ ಬಟ್ಟೆಯಿಂದಲೇ ಅವಮಾನ ಹುಟ್ಟಿಸುವ ವಿದ್ಯೆ ಇದು. ಮಗು ತಾನು ಬೂಟು ಕೊಳ್ಳುವುದಿಲ್ಲ, ಮನೆಯವರು ಕೊಳ್ಳುತ್ತಾರೆ. ನಿಲ್ಲುವುದು ಮಾತ್ರ ಮಗು. ಮಕ್ಕಳಿಗೆ ಮಾನಸಿಕ ಹಿಂಸೆ ಕೊಡುವುದನ್ನು ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಂ ನಿಷೇಧಿಸಿದೆ. ಕಾಯಿದೆಯ ಮಾತು ಬಿಟ್ಟರೂ, ಮುಖ್ಯ ಗುರುಗಳು ಬೆರಳು ತೋರಿಸಿದ ಮಗುವನ್ನು ಮಧ್ಯಾಹ್ನ ಉಳಿದವರು ಚುಡಾಯಿಸಿದರೆ ಯಾರನ್ನು ದೂರಬೇಕು? ಮನೆಗೆ ಚೀಟಿ ಕಳಿಸಬಹುದು, ಅವ್ವನನ್ನು ಕರೆದು ಬಾಗಿಲ ಹಿಂದೆ ಮಾತಾಡಬಹುದು. ದಾಟಿ ಹೋದ ಮಕ್ಕಳ ಚಿಕ್ಕದಾದ ಬಟ್ಟೆಗಳನ್ನು ಒಗೆದು ಒಂದು ಪೆಟ್ಟಿಗೆಯಲ್ಲಿ ಇಟ್ಟುಕೊಂಡು, ಬೇಕಾದವರಿಗೆ ಶಾಲೆ ಬಿಟ್ಟ ಮೇಲೆ ಯಾರಿಗೂ ಕಾಣದಂತೆ ಕೊಡಬಹುದು.

ಇಂಥ ಸಂಕಟ ಯಾವ ಮಗುವಿಗೆ ಇದೆ ಎಂದು ತಿಳಿಯುವುದು ಹೇಗೆ? ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ. ಹಾಜರಿ ಪುಸ್ತಕ ಹೇಳುತ್ತದೆ. ತಿಂಗಳ ಹಾಜರಿಯನ್ನು ಅಡ್ಡಲಾಗಿ ಅಲ್ಲ, ವಾರದ ಪ್ರಕಾರ ಉದ್ದಕ್ಕೆ ಓದಬೇಕು. ಒಂದು ಮಗುವಿನ ಗೈರುಹಾಜರಿ ಶನಿವಾರಗಳಿಗೇ ಬೀಳುತ್ತಿದ್ದರೆ ಅದು ಹೊಟ್ಟೆನೋವಿನ ಕಥೆಯಲ್ಲ, ಬಿಳಿ ಬಟ್ಟೆಯ ಕಥೆ. "ಹೊಟ್ಟಿ ಬ್ಯಾನಿ ಅದ ಅವ್ವ, ಇವತ್ತೊಂದಿನ ಬಿಡು" ಎನ್ನುವ ಮಾತು ಪ್ರತಿ ಶನಿವಾರ ಬೆಳಿಗ್ಗೆ ಕೇಳಿದರೆ ಮನೆಯವರೂ ಅದನ್ನೇ ಅನುಮಾನಿಸಬೇಕು.

ಶನಿವಾರದ ಬಿಳಿಗೆ ನಮ್ಮ ಸೀಮೆಯಲ್ಲಿ ಎರಡು ಶತ್ರುಗಳಿವೆ. ಕಮಲಾಪುರದ ಕೆಂಪು ಮಣ್ಣು ಒಂದು. ಅದರಲ್ಲಿರುವ ಕಬ್ಬಿಣದ ಅಂಶ ಬಟ್ಟೆಯ ಎಳೆಗೆ ಹಿಡಿದುಕೊಂಡರೆ ಬ್ಲೀಚಿಂಗ್ ಪುಡಿಗೂ ಬಗ್ಗದು. ಮಣ್ಣು ಒಣಗಲು ಬಿಟ್ಟು, ಕೊಡವಿ, ಆಮೇಲೆ ನೆನೆಸಬೇಕು. ಉಳಿದ ಕಲೆ ನಿಂಬೆಹುಳಿಗೆ ಒಂದಿಷ್ಟು ಬಿಡುತ್ತದೆ. ಇನ್ನೊಂದು ಗಡಸು ನೀರು. ಬಾವಿ, ಬೋರಿನ ಗಡಸು ನೀರಿನಲ್ಲಿ ಸಾಬೂನು ನೊರೆ ಕೊಡುವ ಬದಲು ಜಿಡ್ಡಾಗಿ ಬಟ್ಟೆಗೇ ಅಂಟುತ್ತದೆ. ಅಂಗಿ ಒಗೆದಷ್ಟೂ ಮಾಸುತ್ತ ಹೋಗುವುದು ಇದರಿಂದ. ಅಂಥ ನೀರಿಗೆ ಸಾಬೂನಿಗಿಂತ ಡಿಟರ್ಜೆಂಟ್ ಪುಡಿ ಮೇಲು, ಕಡೆಯಲ್ಲಿ ಎರಡು ಹನಿ ನೀಲಿ. ಕಲಬುರಗಿಯಲ್ಲಿ ನಲ್ಲಿ ನೀರಿರುವ ಮನೆಯ ಬಿಳಿ, ಬೋರಿನ ನೀರಿನ ಮನೆಯ ಬಿಳಿ ಒಂದೇ ಸಾಲಿನಲ್ಲಿ ನಿಂತರೆ ವ್ಯತ್ಯಾಸ ಹತ್ತು ಅಡಿ ದೂರದಿಂದಲೇ ಕಾಣುತ್ತದೆ.

ದೊಡ್ಡ ಹುಡುಗಿಯರಿಗೆ ಮೂರನೆಯ ಕಾರಣವೂ ಇದೆ. ಮುಟ್ಟಿನ ದಿನಗಳು ಶನಿವಾರಕ್ಕೆ ಬಂದರೆ ಬಿಳಿ ಲಂಗ, ಬಿಳಿ ಸಲ್ವಾರ್ ತೊಟ್ಟು ಬೆಂಚಿನಿಂದ ಏಳುವ ಧೈರ್ಯ ಯಾವ ಹುಡುಗಿಗೂ ಇರುವುದಿಲ್ಲ. ಅವಳು ಮನೆಯಲ್ಲೇ ಉಳಿಯುತ್ತಾಳೆ, ವರ್ಷಕ್ಕೆ ಆರೇಳು ಶನಿವಾರದ ಪಾಠ ಹೋಗುತ್ತದೆ. ಇದನ್ನು ಗಂಡು ಮಾಸ್ತರರ ಮುಂದೆ ಹೇಳಲಾಗದು, ಅಪ್ಪನಿಗೂ ಹೇಳಲಾಗದು. ಆದ್ದರಿಂದ ಹೇಳಬೇಕಾದವರು ತಾಯಂದಿರು. ಶಾಲಾಭಿವೃದ್ಧಿ ಸಮಿತಿಯಲ್ಲಿ ಪಾಲಕರಿದ್ದಾರೆ, ಅವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಶನಿವಾರ ಮೇಲಂಗಿ ಬಿಳಿ ಇರಲಿ, ಕೆಳಗೆ ಸೋಮವಾರದ ಗಾಢ ಬಣ್ಣದ್ದೇ ನಡೆಯಲಿ ಎಂದು ಒಂದು ಠರಾವು ಮಾಡಲು ಸಭೆಯ ಐದು ನಿಮಿಷ ಸಾಕು, ಖರ್ಚು ಏನೂ ಇಲ್ಲ.